ಏರುವ ಬೆಲೆಯೊಳಗಿನ ಅಲೆ ಎಷ್ಟು ಉದ್ದ?

ಈ ಹನ್ನೆರಡು ಅಂಕಿಗಳನ್ನು ಮೊದಲು ನಿಧಾನವಾಗಿ ಓದಿ. ಯಾವುದೋ ಸರಕಿನ ಹನ್ನೆರಡು ವಾರಗಳ ಬೆಲೆ ಎಂದಿಟ್ಟುಕೊಳ್ಳೋಣ.

100, 111, 112, 113, 124, 135, 136, 137, 148, 159, 160, 161.

ಒಂದು ವಾರವಾದರೂ ಬೆಲೆ ಇಳಿದಿದೆಯೇ? ಇಲ್ಲ. ಯಾರ ಮುಂದೆ ಹಿಡಿದರೂ "ಏರುತ್ತಲೇ ಹೋಗಿದೆಯಲ್ಲ" ಎನ್ನುತ್ತಾರೆ. ಆದರೆ ಇದರೊಳಗೆ ನಾಲ್ಕು ವಾರಕ್ಕೊಮ್ಮೆ ತಪ್ಪದೆ ಮರಳಿ ಬರುವ ಒಂದು ಅಲೆಯಿದೆ. ಅದನ್ನು ಅಲ್ಲಿ ಇಟ್ಟವನು ನಾನೇ. ನೂರು ರೂಪಾಯಿಯಿಂದ ಹೊರಟು ವಾರಕ್ಕೆ 6 ರೂಪಾಯಿಯಂತೆ ಏರುವ ಬೆಲೆಯೊಂದನ್ನು ಬರೆದುಕೊಂಡೆ. ಮೊದಲ ವಾರವನ್ನು ಹಾಗೆಯೇ ಬಿಟ್ಟೆ, ಎರಡನೆಯ ವಾರಕ್ಕೆ 5 ಕೂಡಿದೆ, ಮೂರನೆಯದನ್ನು ಬಿಟ್ಟೆ, ನಾಲ್ಕನೆಯದರಿಂದ 5 ಕಳೆದೆ. ಹೀಗೆಯೇ ಮೂರು ಸಲ ಮಾಡಿದೆ. ಅಲೆ ತಗ್ಗಿಗೆ ಬಂದಾಗಲೂ ಏರಿಕೆಯ ವೇಗ ಬೆಲೆಯನ್ನು ಇಳಿಯಗೊಡಲಿಲ್ಲ. ಹಾಗಾಗಿ ಶಿಖರವೂ ಕಾಣದು, ತಗ್ಗೂ ಕಾಣದು.

ಷೇರು ಪೇಟೆಯ ಚಾರ್ಟ್ ನೋಡುವವರು ಬಳಸುವ 'ಡಿಟ್ರೆಂಡೆಡ್ ಪ್ರೈಸ್ ಆಸಿಲೇಟರ್' ಇಂಥ ಅಡಗಿದ ಅಲೆಯನ್ನು ಹೊರತೆಗೆಯಲೆಂದೇ ಇರುವ ಲೆಕ್ಕ. ಚುಟುಕಾಗಿ ಡಿಪಿಒ ಎನ್ನುತ್ತಾರೆ. ಬೆಲೆಯಿಂದ ಟ್ರೆಂಡ್ ಅನ್ನು, ಅಂದರೆ ದೀರ್ಘಕಾಲದ ಏರಿಕೆ ಅಥವಾ ಇಳಿಕೆಯನ್ನು, ಕಳೆದುಬಿಡುವುದು. ಉಳಿದ ಏರಿಳಿತದಲ್ಲಿ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಎಷ್ಟು ದಿನ ಎಂದು ಅಳೆಯುವುದು. ಅದರ ಕೆಲಸ ಇಷ್ಟೇ. ಆದರೆ ಹೀಗೆ ಅಳೆದ ಅಂಕಿ ಪೇಟೆಯದೋ, ಅಳೆಯಲು ಬಳಸಿದ ಕೋಲಿನದೋ ಎಂಬ ಪ್ರಶ್ನೆಯನ್ನು ಬಹಳ ಮಂದಿ ಕೇಳಿಕೊಳ್ಳುವುದೇ ಇಲ್ಲ. ಈ ಲೇಖನ ಬರೆಯಲು ಕಾರಣ ಆ ಪ್ರಶ್ನೆಯೇ.

ಕಳೆಯುವ ವಿದ್ಯೆ

ಡಿಪಿಒ ಎಂಬ ಹೆಸರು ಈಚಿನದು. ಅದರ ಹಿಂದಿನ ಯೋಚನೆಗೆ ನೂರು ವರ್ಷ ಮೀರಿದೆ. 1901ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆರ್. ಎಚ್. ಹೂಕರ್ ತನ್ನ ದೇಶದಲ್ಲಿ ನಡೆಯುವ ಮದುವೆಗಳ ಪ್ರಮಾಣಕ್ಕೂ ವ್ಯಾಪಾರದ ಏಳುಬೀಳಿಗೂ ನಂಟಿದೆಯೇ ಎಂದು ಹುಡುಕುತ್ತಿದ್ದ. ಎರಡೂ ಅಂಕಿಗಳಲ್ಲಿ ದಶಕಗಳುದ್ದದ ನಿಧಾನ ಬದಲಾವಣೆ ಬೆರೆತಿತ್ತು. ಅದರಿಂದ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ಮಸುಕಾಗಿತ್ತು. ವ್ಯಾಪಾರದ ಏಳುಬೀಳು ಸುಮಾರು ಒಂಬತ್ತು ವರ್ಷಕ್ಕೊಂದು ಸುತ್ತು ಹಾಕುತ್ತದೆಂದು ಎಣಿಸಿ, ಆತ ಪ್ರತಿ ವರ್ಷಕ್ಕೂ ಅದರ ಹಿಂದುಮುಂದಿನ ವರ್ಷಗಳೂ ಸೇರಿದ ಒಂಬತ್ತು ವರ್ಷಗಳ ಸರಾಸರಿ ತೆಗೆದ. ಆ ಸರಾಸರಿಯಿಂದ ಆಯಾ ವರ್ಷ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ನೋಡಿದ. ಬಿ.ಕಾಂ. ಓದಿದವರಿಗೆ 'ಚಲಿಸುವ ಸರಾಸರಿ'ಯ ಪಾಠ ನೆನಪಿದ್ದರೆ ಇದು ಹೊಸತೆನಿಸದು.

ಒಂಬತ್ತು ವರ್ಷವೇ ಏಕೆ? ಅಲೆಯ ಪೂರ್ತಿ ಒಂದು ಸುತ್ತನ್ನು ಸರಾಸರಿಗೆ ಹಾಕಿದರೆ ಅದರ ಏರು ಅದರ ತಗ್ಗನ್ನು ತುಂಬಿ, ಅಲೆ ಸೊನ್ನೆಯಾಗುತ್ತದೆ. ಸರಾಸರಿಯಲ್ಲಿ ಟ್ರೆಂಡ್ ಮಾತ್ರ ಉಳಿಯುತ್ತದೆ. ಅದನ್ನು ಬೆಲೆಯಿಂದ ಕಳೆದರೆ ಅಲೆ ಮಾತ್ರ ಉಳಿಯುತ್ತದೆ. ಡಿಪಿಒ ನಿಂತಿರುವುದು ಇದೊಂದರ ಮೇಲೆಯೇ.

ನಮ್ಮ ಹನ್ನೆರಡು ವಾರಗಳಿಗೆ ಇದನ್ನು ಹಾಕಿ ನೋಡೋಣ. ಅವಧಿ ನಾಲ್ಕು ವಾರ ಇರಲಿ. ಮೊದಲ ನಾಲ್ಕು ಬೆಲೆಗಳ ಮೊತ್ತ 436, ಸರಾಸರಿ 109. ಈಗ ಈ 109ನ್ನು ಯಾವ ವಾರದ ಬೆಲೆಯಿಂದ ಕಳೆಯಬೇಕು? ಡಿಪಿಒದ ಪ್ರಚಲಿತ ಸೂತ್ರ ಹೇಳುವುದು ಹೀಗೆ: ಅವಧಿಯನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿ, ಅಷ್ಟು ವಾರ ಹಿಂದಕ್ಕೆ ಹೋಗಿ. ನಾಲ್ಕರ ಅರ್ಧ ಎರಡು, ಒಂದು ಕೂಡಿದರೆ ಮೂರು. ನಾಲ್ಕನೆಯ ವಾರದಿಂದ ಮೂರು ವಾರ ಹಿಂದೆ ಎಂದರೆ ಮೊದಲ ವಾರ, ಅಲ್ಲಿನ ಬೆಲೆ 100. ನೂರರಿಂದ 109 ಕಳೆದರೆ −9. ಇದು ಮೊದಲ ವಾರದ ಡಿಪಿಒ. ಸರಾಸರಿಯನ್ನು ಒಂದೊಂದೇ ವಾರ ಮುಂದಕ್ಕೆ ಸರಿಸುತ್ತ ಇದನ್ನೇ ಮಾಡಿದರೆ ಸಿಗುವ ಸಾಲು:

−9, −4, −9, −14, −9, −4, −9, −14, −9.

ಎಲ್ಲೂ ಇಳಿಯದ ಬೆಲೆಯೊಳಗಿಂದ ಅಲೆ ಎದ್ದು ಬಂತು. ಎರಡನೆಯ ವಾರದಲ್ಲಿ ಶಿಖರ, ಆರನೆಯ ವಾರದಲ್ಲಿ ಶಿಖರ. ನಾಲ್ಕನೆಯ ವಾರದಲ್ಲಿ ತಗ್ಗು, ಎಂಟನೆಯ ವಾರದಲ್ಲಿ ತಗ್ಗು. ನಡುವಿನ ದೂರ ನಾಲ್ಕು ವಾರ. ನಾನಿಟ್ಟ ಅಲೆ ನನ್ನ ಕೈಗೇ ಮರಳಿತು.

ಇನ್ನೆರಡು ಸಂಗತಿಗಳನ್ನೂ ಇದೇ ಸಾಲಿನಲ್ಲಿ ಕಾಣಬಹುದು. ಬೆಲೆಗಳು ಹನ್ನೆರಡಿದ್ದವು, ಉತ್ತರಗಳು ಒಂಬತ್ತೇ. ಕೊನೆಯ ಮೂರು ವಾರ ಖಾಲಿ. ಹತ್ತನೆಯ ವಾರದ ಡಿಪಿಒ ಬೇಕಿದ್ದರೆ ಹದಿಮೂರನೆಯ ವಾರದ ಬೆಲೆ ಗೊತ್ತಿರಬೇಕು. ಅದು ಇನ್ನೂ ಬಂದಿಲ್ಲ. ಎರಡನೆಯದು, ಎಲ್ಲ ಅಂಕಿಗಳೂ ಸೊನ್ನೆಯ ಕೆಳಗಿವೆ. ಬೆಲೆ ಒಂದೇ ಸಮನೆ ಏರುತ್ತಿದೆ, ಡಿಪಿಒ ಮಾತ್ರ ಒಮ್ಮೆಯೂ ಸೊನ್ನೆ ದಾಟಿಲ್ಲ! 'ಸೊನ್ನೆಯ ಮೇಲಿದ್ದರೆ ತೇಜಿ, ಕೆಳಗಿದ್ದರೆ ಮಂದಿ' ಎಂದು ಓದುವ ಅಭ್ಯಾಸವಿದ್ದವರು ಇಲ್ಲಿ ಪೂರಾ ದಾರಿ ತಪ್ಪುತ್ತಾರೆ.

ಇದಕ್ಕೆ ಕಾರಣ ಸೂತ್ರದಲ್ಲೇ ಇದೆ. ನಾಲ್ಕು ವಾರಗಳ ಸರಾಸರಿಯ ನಟ್ಟನಡುವೆ ಬರುವುದು ಎರಡನೆಯ ಮತ್ತು ಮೂರನೆಯ ವಾರಗಳ ಮಧ್ಯಬಿಂದು, ಅಂದರೆ ನಾಲ್ಕನೆಯ ವಾರದಿಂದ ಒಂದೂವರೆ ವಾರ ಹಿಂದೆ. ಸೂತ್ರ ನಮ್ಮನ್ನು ಒಯ್ಯುವುದು ಮೂರು ವಾರ ಹಿಂದಕ್ಕೆ. ಒಂದೂವರೆ ವಾರ ಹೆಚ್ಚಾಯಿತು. ವಾರಕ್ಕೆ 6 ರೂಪಾಯಿ ಏರುವಾಗ ಒಂದೂವರೆ ವಾರಕ್ಕೆ 9 ರೂಪಾಯಿ. ಇಡೀ ಸಾಲು ಆ 9ರಷ್ಟು ಕೆಳಕ್ಕೆ ಕುಸಿದಿದೆ. ಅವಧಿ ಸಮಸಂಖ್ಯೆಯಾದರೆ ಈ ಒಂದೂವರೆ ಹೆಜ್ಜೆಯ ವ್ಯತ್ಯಾಸ ಯಾವಾಗಲೂ ಇರುತ್ತದೆ. ಆದರೆ ಅದು ಎಲ್ಲ ಅಂಕಿಗಳನ್ನೂ ಒಂದೇ ಪ್ರಮಾಣದಲ್ಲಿ ಸರಿಸುವುದರಿಂದ ಶಿಖರಗಳ ನಡುವಿನ ದೂರ ಕೆಡುವುದಿಲ್ಲ. ಡಿಪಿಒದಲ್ಲಿ ನಂಬಬೇಕಾದ್ದು ಆ ದೂರವನ್ನು, ಸೊನ್ನೆಯ ಗೆರೆಯನ್ನಲ್ಲ.

ಎಷ್ಟು ದಿನದ ಅವಧಿ?

ಚಾರ್ಟ್ ತೋರಿಸುವ ಹೆಚ್ಚಿನ ತಂತ್ರಾಂಶಗಳಲ್ಲಿ ಡಿಪಿಒದ ಅವಧಿ ಮೊದಲೇ 20 ಅಥವಾ 21 ಎಂದಿರುತ್ತದೆ. ಒಂದು ತಿಂಗಳಲ್ಲಿ ಪೇಟೆ ತೆರೆದಿರುವ ದಿನಗಳು ಹೆಚ್ಚುಕಡಿಮೆ ಅಷ್ಟೇ. ಎಕ್ಸೆಲ್‌ನಲ್ಲಿ ನೀವೇ ಲೆಕ್ಕ ಹಾಕುವುದಾದರೆ, B ಕಾಲಂನ ಎರಡನೆಯ ಸಾಲಿನಿಂದ ದಿನದ ಮುಕ್ತಾಯದ ಬೆಲೆಗಳನ್ನು ತುಂಬಿ, C10ರಲ್ಲಿ ಹೀಗೆ ಬರೆದು ಕೆಳಗೆ ಎಳೆದರೆ ಸಾಕು:

```
=B10-AVERAGE(B2:B21)
```

ಇಪ್ಪತ್ತು ದಿನದ ಈ ಲೆಕ್ಕದಲ್ಲಿ ಯಾವ ಅಲೆ ಉಳಿಯುತ್ತದೆ, ಯಾವುದು ಸೋರಿಹೋಗುತ್ತದೆ ಎಂಬುದನ್ನು ಗಣಿತದಿಂದ ನಿಖರವಾಗಿ ಹೇಳಬಹುದು. ಇಪ್ಪತ್ತು ದಿನದ ಅಲೆ ಪೂರ್ತಿ ಉಳಿಯುತ್ತದೆ. ಸುಮಾರು ಹದಿನಾಲ್ಕು ದಿನದ ಅಲೆ ನಿಜಕ್ಕಿಂತ ಐದನೆಯ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ. ನಲವತ್ತು ದಿನದ ಅಲೆಯಲ್ಲಿ ಉಳಿಯುವುದು ನೂರಕ್ಕೆ 41 ಪಾಲು. ಎಂಬತ್ತು ದಿನದ ಅಲೆಯಲ್ಲಿ ನೂರಕ್ಕೆ 15 ಪಾಲು ಮಾತ್ರ. ಆದ್ದರಿಂದ ಹುಡುಕುತ್ತಿರುವ ಅಲೆಯಷ್ಟಾದರೂ ಉದ್ದದ ಅವಧಿಯನ್ನು ಆರಿಸಬೇಕು. ಮೂರು ತಿಂಗಳಿಗೊಮ್ಮೆ ಬರುವ ಅಲೆಯನ್ನು ಇಪ್ಪತ್ತು ದಿನದ ಡಿಪಿಒದಲ್ಲಿ ಹುಡುಕಿದರೆ, ಅದು ಟ್ರೆಂಡ್ ಜೊತೆಗೇ ಕೊಚ್ಚಿಹೋಗಿರುತ್ತದೆ.

ಇನ್ನು ನಮ್ಮ ಹನ್ನೆರಡು ವಾರಗಳಿಗೆ ಮರಳಿ, ಅವಧಿಯನ್ನು ನಾಲ್ಕರ ಬದಲು ಎಂಟು ಮಾಡೋಣ. ಮೊದಲ ಎಂಟು ವಾರಗಳ ಸರಾಸರಿ 121. ಸೂತ್ರದ ಪ್ರಕಾರ ಐದು ವಾರ ಹಿಂದೆ ಹೋದರೆ ಮೂರನೆಯ ವಾರ, ಬೆಲೆ 112. ಕಳೆದರೆ −9. ಮುಂದಿನವು −14, −9, −4. ಅವಧಿ ನಾಲ್ಕಿದ್ದಾಗ ಮೂರನೆಯ ವಾರದಿಂದ ಆರನೆಯ ವಾರದವರೆಗೆ ಸಿಕ್ಕಿದ್ದವೂ ಇವೇ ಅಂಕಿಗಳು. ಅವಧಿ ಇಮ್ಮಡಿಯಾದರೂ ಅಲೆ ಅಲುಗಲಿಲ್ಲ. ಬೆಲೆಯೊಳಗೆ ಅಲೆ ನಿಜವಾಗಿಯೂ ಇದ್ದರೆ, ಅದು ನಾವು ಯಾವ ಅವಧಿ ಆರಿಸಿದೆವು ಎಂದು ನೋಡಿ ತನ್ನ ಉದ್ದ ಬದಲಿಸುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಾಣ್ಯ ಕಲಿಸುವ ಪಾಠ

ನಮ್ಮ ಬೀದಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಒಂದು ಸಂಜೆ ಮೊಬೈಲ್ ನನ್ನ ಮುಂದೆ ಹಿಡಿದರು. ಒಂದು ಷೇರಿನ ಚಾರ್ಟ್, ಅದರ ಕೆಳಗೆ ಇಪ್ಪತ್ತು ದಿನದ ಡಿಪಿಒ.

"ನೋಡಿ ಸಾರ್, ಇಲ್ಲೊಂದು ತಗ್ಗು, ಇಲ್ಲೊಂದು, ಇಲ್ಲೊಂದು. ಹತ್ತಿರ ಹತ್ತಿರ ಇಪ್ಪತ್ತು ದಿನಕ್ಕೊಂದು. ಈ ಷೇರಿಗೆ ಇಪ್ಪತ್ತು ದಿನದ ಸೈಕಲ್ ಇದೆ ಅಂತಾಯ್ತಲ್ಲ?"

"ಅವಧಿ ಮೂವತ್ತು ಮಾಡಿ ನೋಡಿದ್ರಾ?" ಎಂದೆ.

ನೋಡಿರಲಿಲ್ಲ. ಅಲ್ಲೇ ಬದಲಿಸಿದರು. ತಗ್ಗುಗಳು ದೂರ ಸರಿದವು. ನಲವತ್ತು ಮಾಡಿದರು. ಇನ್ನೂ ದೂರ ಸರಿದವು. ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕೂತು, "ಹಾಗಾದ್ರೆ ಇಪ್ಪತ್ತು ಅನ್ನೋದು ಷೇರಿಂದಲ್ಲ, ನಾನು ಹಾಕಿದ್ದು" ಎಂದರು.

ಅವರು ಹೇಳಿದ್ದು ಸರಿ. ಇದು ಅವರೊಬ್ಬರ ತಪ್ಪೂ ಅಲ್ಲ. ನಾಣ್ಯ ಚಿಮ್ಮಿ ಬೆಲೆ ಕಟ್ಟಿದರೂ ಹೀಗೇ ಆಗುತ್ತದೆ. ನೂರು ರೂಪಾಯಿಯಿಂದ ಹೊರಡಿ. ರಾಜ ಬಿದ್ದರೆ ಒಂದು ರೂಪಾಯಿ ಕೂಡಿಸಿ, ರಾಣಿ ಬಿದ್ದರೆ ಒಂದು ಕಳೆಯಿರಿ. ಕೈ ನೋಯುವವರೆಗೆ ಚಿಮ್ಮಬೇಕಿಲ್ಲ. ಎಕ್ಸೆಲ್‌ನ B2ರಲ್ಲಿ 100 ಎಂದು ಬರೆದು, B3ರಲ್ಲಿ ಇದನ್ನು ಹಾಕಿ ಮುನ್ನೂರು ಸಾಲು ಕೆಳಗೆ ಎಳೆಯಿರಿ:

```
=B2+IF(RAND()<0.5,-1,1)
```

ಈ ಬೆಲೆಯಲ್ಲಿ ಯಾವ ಆವರ್ತವೂ ಇಲ್ಲ. ನಾಳೆಯ ನಾಣ್ಯಕ್ಕೆ ಇಂದಿನ ನಾಣ್ಯದ ನೆನಪಿಲ್ಲ. ಆದರೂ ಇದರ ಮೇಲೆ ಇಪ್ಪತ್ತು ದಿನದ ಡಿಪಿಒ ಹಾಕಿದರೆ ನೋಡಲು ಚೆಂದವಾದ ಅಲೆಗಳು ಏಳುತ್ತವೆ. ಒಂದೊಂದು ಅಲೆಯ ಉದ್ದ ಬೇರೆ ಬೇರೆಯಾಗಿದ್ದರೂ, ಅವುಗಳ ಬಲ ಹೆಚ್ಚಾಗಿ ಕೂಡುವುದು ಇಪ್ಪತ್ತು ದಿನದ ಆಸುಪಾಸಿನಲ್ಲೇ. ಅವಧಿಯನ್ನು ನಲವತ್ತು ಮಾಡಿದರೆ ಅದು ನಲವತ್ತರ ಆಸುಪಾಸಿಗೆ ಹೋಗುತ್ತದೆ.

ಏಕೆ ಹೀಗೆ? ನಾಣ್ಯದ ಬೆಲೆಯಲ್ಲಿ ಉದ್ದನೆಯ ಅಲೆದಾಟಗಳು ದೊಡ್ಡವು, ಗಿಡ್ಡ ಏರಿಳಿತಗಳು ಚಿಕ್ಕವು. ಡಿಪಿಒ ಉದ್ದನೆಯವನ್ನು ಕಳೆದುಹಾಕುತ್ತದೆ, ಗಿಡ್ಡವನ್ನು ಬಿಟ್ಟುಕೊಡುತ್ತದೆ. ಉದ್ದನೆಯವು ಡಿಪಿಒದ ಕೈಯಲ್ಲಿ ಸತ್ತವು, ಗಿಡ್ಡವು ಹುಟ್ಟಾ ಬಡಕಲು. ನಡುವೆ ಉಳಿದು ಮೆರೆಯುವುದು ನಾವು ಆರಿಸಿದ ಅವಧಿಯಷ್ಟೇ ಉದ್ದದ ಅಲೆ. ಲೆಕ್ಕ ಬಿಡಿಸಿದರೆ ಆ ತುದಿ ಹೆಚ್ಚುಕಡಿಮೆ ಅವಧಿಯ ಮೇಲೆಯೇ ಬಂದು ಕೂರುತ್ತದೆ. ಇಪ್ಪತ್ತು ದಿನದ ಡಿಪಿಒದಲ್ಲಿ ಇಪ್ಪತ್ತು ದಿನದ ಆವರ್ತ ಸಿಕ್ಕಿತೆಂದು ಯಾರಾದರೂ ಹೇಳಿದರೆ ಸಂಭ್ರಮಪಡುವ ಬದಲು ಅನುಮಾನಪಡಬೇಕಾದ್ದು ಇದಕ್ಕೇ.

ಸರಾಸರಿಗಳು ಇಲ್ಲದ ಅಲೆಯನ್ನು ಹುಟ್ಟಿಸಬಲ್ಲವೆಂದು ಜಗತ್ತಿಗೆ ಮನಗಾಣಿಸಿದವರಲ್ಲಿ ಒಬ್ಬ ಯೆವ್ಗೆನಿ ಸ್ಲುಟ್ಸ್ಕಿ. 1927ರಲ್ಲಿ ಮಾಸ್ಕೋದ ಒಂದು ಅರ್ಥಶಾಸ್ತ್ರ ಸಂಸ್ಥೆಯಲ್ಲಿದ್ದ ಆತ, ಸರ್ಕಾರಿ ಲಾಟರಿಯಲ್ಲಿ ಬಂದ ಅಂಕಿಗಳನ್ನು ಸಾಲಾಗಿ ಬರೆದು, ಹತ್ತು ಹತ್ತು ಅಂಕಿಗಳನ್ನು ಕೂಡಿಸುತ್ತ ಹೋದ. ಬಂದ ಗೆರೆಯ ಒಂದು ತುಂಡು ಇಂಗ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ವ್ಯಾಪಾರದ ಏಳುಬೀಳಿನ ಗೆರೆಗೆ ಬೆರಗಾಗುವಷ್ಟು ಹೋಲುತ್ತಿತ್ತು. ಲಾಟರಿಗೆ ವ್ಯಾಪಾರದ ಗಂಧವೇ ಇರಲಿಲ್ಲ. ಅದೇ ಕಾಲದಲ್ಲಿ ಬ್ರಿಟನ್ನಿನ ಜಿ. ಯು. ಯೂಲ್ ಕೂಡ ಸುಳ್ಳು ಆವರ್ತಗಳ ಬಗ್ಗೆ ಎಚ್ಚರಿಸಿದ್ದ. ಹಾಗಾಗಿ ಇದಕ್ಕೆ ಸ್ಲುಟ್ಸ್ಕಿ–ಯೂಲ್ ಪರಿಣಾಮ ಎಂಬ ಹೆಸರು ನಿಂತಿತು.

ಕಾರಣವಿರುವ ಆವರ್ತ

ಹಾಗಾದರೆ ಬೆಲೆಗಳಲ್ಲಿ ನಿಜವಾದ ಆವರ್ತವೇ ಇಲ್ಲವೇ? ಇದೆ. ಈರುಳ್ಳಿಯನ್ನೇ ನೋಡಿ. ನಮ್ಮ ದೇಶದ ಹಿಂಗಾರು ಬೆಳೆ ಏಪ್ರಿಲ್, ಮೇ ಹೊತ್ತಿಗೆ ಕೈಗೆ ಬರುತ್ತದೆ. ವರ್ಷದ ಬೆಳೆಯಲ್ಲಿ ದೊಡ್ಡ ಪಾಲು ಅದೇ, ದಾಸ್ತಾನಿಡಲು ಒದಗುವುದೂ ಅದೇ. ಆಗ ಮಂಡಿಗಳು ತುಂಬಿ ದರ ಇಳಿಯುತ್ತದೆ. ಮಳೆಗಾಲ ಕಳೆಯುತ್ತ ದಾಸ್ತಾನು ಕರಗುತ್ತದೆ, ಒಂದಷ್ಟು ಕೊಳೆಯುತ್ತದೆ, ದರ ಏರುತ್ತದೆ. ಚಿತ್ರದುರ್ಗ, ಗದಗ, ಧಾರವಾಡ, ವಿಜಯಪುರದ ಕಡೆಯ ಮುಂಗಾರು ಬೆಳೆ ಪೇಟೆಗೆ ಬರುವವರೆಗೂ ಆ ಬಿಗಿ ಸಡಿಲುವುದಿಲ್ಲ. ಹನ್ನೆರಡು ತಿಂಗಳ ಈ ಆವರ್ತಕ್ಕೆ ಮಣ್ಣಿನಲ್ಲಿ, ಮಳೆಯಲ್ಲಿ, ಗೋದಾಮಿನಲ್ಲಿ ಕಾರಣವಿದೆ.

ತಿಂಗಳ ಸರಾಸರಿ ದರಗಳನ್ನು ಇಟ್ಟುಕೊಂಡು ಹನ್ನೆರಡು ತಿಂಗಳ ಡಿಪಿಒ ಹಾಕುವುದು ಇಲ್ಲಿ ಸರಿಯಾದ ದಾರಿ. ವರ್ಷದಿಂದ ವರ್ಷಕ್ಕೆ ಏರುವ ಬೆಲೆಮಟ್ಟವನ್ನು ಅದು ಕಳೆಯುತ್ತದೆ, ಋತುವಿನ ಅಲೆಯನ್ನು ಪೂರ್ತಿ ಉಳಿಸುತ್ತದೆ. ಆಮೇಲೆ ಹದಿನೆಂಟು ತಿಂಗಳಿಗೆ, ಇಪ್ಪತ್ತನಾಲ್ಕು ತಿಂಗಳಿಗೆ ಬದಲಿಸಿ ನೋಡಬೇಕು. ಋತುವಿನ ಅಲೆ ನಿಜವಾದ್ದರಿಂದ ಅದು ಹನ್ನೆರಡು ತಿಂಗಳಲ್ಲೇ ನಿಲ್ಲಬೇಕು. ಆರು ತಿಂಗಳ ಡಿಪಿಒದಲ್ಲಾದರೋ ಅದರ ಹತ್ತರಲ್ಲಿ ಸುಮಾರು ಏಳು ಪಾಲು ಮಾತ್ರ ಉಳಿಯುತ್ತದೆ. ದರಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಮ್ಮ ಸರ್ಕಾರದ 'ಕೃಷಿ ಮಾರಾಟ ವಾಹಿನಿ' ಮತ್ತು ಕೇಂದ್ರದ 'ಅಗ್‌ಮಾರ್ಕ್‌ನೆಟ್' ಜಾಲತಾಣಗಳಲ್ಲಿ ಮಾರುಕಟ್ಟೆವಾರು ದರಗಳು ಸಿಗುತ್ತವೆ.

ಇಲ್ಲಿಯೂ ಒಂದು ಬಲೆ ಇದೆ. 2019ರ ಮಳೆಯಿಂದ ಬೆಳೆ ಹಾಳಾಗಿ, ಸೆಪ್ಟೆಂಬರ್ ಕೊನೆಗೆ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿದರೂ, ಡಿಸೆಂಬರ್ ಹೊತ್ತಿಗೆ ಹಲವು ಊರುಗಳಲ್ಲಿ ಕಿಲೋ ಈರುಳ್ಳಿ ನೂರು ರೂಪಾಯಿ ದಾಟಿತ್ತು. ಅಂಥ ಒಂದು ತಿಂಗಳು ಡಿಪಿಒಗೆ ಏನು ಮಾಡುತ್ತದೆ ನೋಡಿ. ಒಂದು ತಿಂಗಳ ದರ ಎಂದಿಗಿಂತ 60 ರೂಪಾಯಿ ಜಿಗಿದರೆ, ಅದನ್ನು ಒಳಗೊಂಡ ಹನ್ನೆರಡೂ ಸರಾಸರಿಗಳು ಐದೈದು ರೂಪಾಯಿ ಮೇಲೇರುತ್ತವೆ. ಆ ಸುತ್ತಮುತ್ತಲಿನ ತಿಂಗಳುಗಳಲ್ಲಿ ದರ ಎಂದಿನಂತೆಯೇ ಇದ್ದರೂ ಡಿಪಿಒ ಐದು ರೂಪಾಯಿ ಕೆಳಗೆ ತೋರಿಸುತ್ತದೆ. ಜಿಗಿತದ ಎರಡೂ ಕಡೆ ಇಲ್ಲದ ಹಳ್ಳ ಬೀಳುತ್ತದೆ. ಷೇರಿನಲ್ಲಿ ಇದಕ್ಕಿಂತ ಕೆಟ್ಟದ್ದು ಬೋನಸ್ ಮತ್ತು ಸ್ಪ್ಲಿಟ್. ಒಂದಕ್ಕೊಂದು ಬೋನಸ್ ಕೊಟ್ಟ ದಿನ ಬೆಲೆ ಅರ್ಧಕ್ಕೆ ಬರುತ್ತದೆ. ಹಳೆಯ ಬೆಲೆಗಳನ್ನು ಅದಕ್ಕೆ ಸರಿಹೊಂದಿಸದೆ ಡಿಪಿಒ ಹಾಕಿದರೆ, ಆ ದಿನದ ಹಿಂದೆ ದೊಡ್ಡ ಶಿಖರ, ಮುಂದೆ ದೊಡ್ಡ ತಗ್ಗು. ಎರಡೂ ಸುಳ್ಳು. ಚಾರ್ಟ್‌ನಲ್ಲಿ ಒಂದೇ ಒಂದು ಜೋಡಿ ಮಾತ್ರ ಉಳಿದೆಲ್ಲವನ್ನೂ ಮೀರಿ ನಿಂತಿದ್ದರೆ ಮೊದಲು ಆ ದಿನ ಏನಾಯಿತೆಂದು ನೋಡಿ. ಅದನ್ನು ಎಣಿಕೆಗೆ ತೆಗೆದುಕೊಳ್ಳಬೇಡಿ.

ಖಾಲಿ ಬಿಟ್ಟ ದಿನಗಳು

ಇನ್ನು ಅಳತೆಯ ಮಾತು. ನೂರಮೂವತ್ತೈದು ದಿನಗಳ ಬೆಲೆ ನಿಮ್ಮ ಬಳಿ ಇದೆ, ಇಪ್ಪತ್ತು ದಿನದ ಡಿಪಿಒದಲ್ಲಿ ತಗ್ಗುಗಳು 14, 36, 55, 79, 98 ಮತ್ತು 120ನೆಯ ದಿನ ಬಿದ್ದಿವೆ ಎಂದುಕೊಳ್ಳಿ. ನಡುವಿನ ಅಂತರಗಳು 22, 19, 24, 19, 22. ಸರಾಸರಿ 21ಕ್ಕಿಂತ ತುಸು ಹೆಚ್ಚು. ಮೂವತ್ತು, ನಲವತ್ತು ದಿನಗಳ ಅವಧಿಯಲ್ಲೂ ಗೆರೆ ಇರುವಷ್ಟು ದಿನಗಳಲ್ಲಿ ಇವೇ ತಗ್ಗುಗಳು ಅಲ್ಲಲ್ಲೇ ನಿಂತಿವೆ ಎಂದೂ ಇರಲಿ. ಆಗ ಮುಂದಿನ ತಗ್ಗು 139ರಿಂದ 144ನೆಯ ದಿನದೊಳಗೆ ಬರಬಹುದೆಂದು ಅಂದಾಜಿಸಲು ಒಂದು ಆಧಾರವಿದೆ.

ಆದರೆ ಡಿಪಿಒದ ಗೆರೆ 124ನೆಯ ದಿನಕ್ಕೇ ನಿಂತಿರುತ್ತದೆ. ಕೊನೆಯ ಹನ್ನೊಂದು ದಿನ ಖಾಲಿ. 120ನೆಯ ದಿನದ ತಗ್ಗು ನಿಜಕ್ಕೂ ತಗ್ಗೇ ಎಂದು ಖಚಿತವಾಗಲು ಗೆರೆ ಅಲ್ಲಿಂದ ಮೇಲೇಳುವುದನ್ನು ಕಾಣಬೇಕು, ಅದು ಕಾಣುವ ಹೊತ್ತಿಗೆ ಇಂದು 135 ಆಗಿದೆ. ಇಪ್ಪತ್ತೊಂದು ದಿನದ ಸುತ್ತಿನಲ್ಲಿ ಹದಿನೈದು ದಿನ ಆಗಲೇ ಕಳೆದಿವೆ. ಇಂದು ಕೊಳ್ಳಬೇಕೋ ಮಾರಬೇಕೋ ಎಂಬುದಕ್ಕೆ ಡಿಪಿಒ ಉತ್ತರಿಸಲಾರದು. ಅದು ಹಿಂದಿನದನ್ನು ಅಳೆಯುವ ಸಾಧನ.

ಈ ಖಾಲಿ ಜಾಗ ನೋಡಲು ಕೊರತೆಯೆನಿಸುವುದರಿಂದಲೋ ಏನೋ, ಕೆಲವು ತಂತ್ರಾಂಶಗಳು ಡಿಪಿಒವನ್ನು ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿ ಗೆರೆಯನ್ನು ಇಂದಿನವರೆಗೂ ಎಳೆಯುತ್ತವೆ. ಅಲ್ಲಿ ಇಂದಿನ ಬೆಲೆಯಿಂದ ಹನ್ನೊಂದು ದಿನ ಹಿಂದಿನ ಸರಾಸರಿಯನ್ನು ಕಳೆಯುತ್ತಾರೆ. ಆ ಸರಾಸರಿಯ ನಡುಬಿಂದು ಇಂದಿನಿಂದ ಇಪ್ಪತ್ತೂವರೆ ದಿನ ಹಿಂದಿರುತ್ತದೆ. ದಿನಕ್ಕೆ 2 ರೂಪಾಯಿಯಂತೆ ಏರುವ ಷೇರಿನಲ್ಲಿ ಗೆರೆ ಸುಮ್ಮನೆ 41 ರೂಪಾಯಿ ಮೇಲೆ ತೇಲುತ್ತಿರುತ್ತದೆ. ಏರಿಕೆಯ ವೇಗ ಬದಲಾದಾಗೆಲ್ಲ ಅದೂ ಮೇಲೆ ಕೆಳಗೆ ಆಡುತ್ತದೆ. ಟ್ರೆಂಡ್ ಪೂರ್ತಿ ಕಳೆದಿರುವುದಿಲ್ಲ. ನಿಮ್ಮ ಪರದೆಯಲ್ಲಿರುವುದು ಯಾವುದೆಂದು ತಿಳಿಯುವುದು ಸುಲಭ: ಡಿಪಿಒದ ಗೆರೆ ಇಂದಿನ ಬೆಲೆಯವರೆಗೂ ಬಂದಿದ್ದರೆ ಅದು ಈ ಎರಡನೆಯ ಬಗೆ. ಟ್ರೇಡಿಂಗ್‌ವ್ಯೂನಲ್ಲಾದರೆ ಡಿಪಿಒದ ಸೆಟ್ಟಿಂಗ್‌ನಲ್ಲಿ `Centered` ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಗೆರೆ ಹಿಂದಕ್ಕೆ ಸರಿದು ತನ್ನ ಸರಿಯಾದ ಜಾಗಕ್ಕೆ ಬರುತ್ತದೆ. ಆವರ್ತದ ಉದ್ದ ಅಳೆಯಲು ಬಳಸಬೇಕಾದ್ದು ಅದನ್ನೇ.

ನಾನು ಯಾವ ಚಾರ್ಟ್‌ನಲ್ಲೇ ಆಗಲಿ, ಆವರ್ತ ಸಿಕ್ಕಿತೆನ್ನುವ ಮೊದಲು ಒಂದು ಕಾಗದದ ಮೇಲೆ ನಾಲ್ಕು ಸಂಗತಿ ಬರೆಯುತ್ತೇನೆ. ಕನಿಷ್ಠ ಐದಾರು ತಗ್ಗುಗಳ ನಡುವಿನ ಅಂತರಗಳು ಯಾವುವು? ಅವುಗಳಲ್ಲಿ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು? ಅವಧಿಯನ್ನು ಒಂದೂವರೆ ಪಟ್ಟು, ಎರಡು ಪಟ್ಟು ಮಾಡಿದಾಗ ಅವು ಅಲ್ಲೇ ನಿಂತವೇ, ಸರಿದವೇ? ಈ ಉದ್ದಕ್ಕೆ ಕಾರಣವೇನು: ಕೊಯ್ಲೇ, ಸಂಬಳದ ದಿನವೇ, ಹಬ್ಬದ ಋತುವೇ? ಈರುಳ್ಳಿಯ ವಿಷಯದಲ್ಲಿ ನಾಲ್ಕಕ್ಕೂ ಉತ್ತರ ಬರೆಯಲು ಬರುತ್ತದೆ. ಷೇರುಗಳ ವಿಷಯದಲ್ಲಿ ಹೆಚ್ಚಿನ ಸಲ ಮೂರನೆಯ ಪ್ರಶ್ನೆಯಲ್ಲೇ ಪೆನ್ನು ನಿಲ್ಲುತ್ತದೆ.

ಪೆನ್ನು ನಿಂತರೆ ನಿಲ್ಲಲಿ. ನೀವು ಕಂಡದ್ದು ಷೇರಿನ ಆವರ್ತವಲ್ಲ, ನೀವೇ ಆರಿಸಿದ ಅವಧಿ. ಅದರ ಮೇಲೆ ಒಂದು ರೂಪಾಯಿಯನ್ನೂ ಹೂಡಬೇಡಿ.